ಮ್ಯೂಟ್ ಮಾಡಿದ ಕೋಣೆ

ಮೂರು ದಿನದಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಮೀಟಿಂಗಿನ ದೆಸೆಯಿಂದ. ಆ ಮೀಟಿಂಗನ್ನು ಏರ್ಪಾಟು ಮಾಡಬೇಕಾದವಳೂ ನಾನೇ, ಅದರಲ್ಲಿ ಹೆಸರು ಹೊರಗೆ ಬೀಳಬಾರದವಳೂ ನಾನೇ. ಇಂಥ ಫಜೀತಿ ಶತ್ರುವಿಗೂ ಬೇಡ.

ನಾನು ವಾಣಿ. ಸೇಲಂನ ಅಮ್ಮಾಪೇಟೆ ಕಡೆ ಒಂದು ಪವರ್‌ಲೂಮ್ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಕಂಪ್ಯೂಟರ್ ಅಂತ ಹೆಸರಿಗೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ವಾಣಿ, ನೀರಿನ ಮೋಟಾರು ಕೆಟ್ಟರೂ ವಾಣಿ. ಹೋದ ತಿಂಗಳು ಹದಿಮೂರನೇ ತಾರೀಕು ಮಧ್ಯಾಹ್ನ, ಮೆಟ್ಟಿಲ ಪಕ್ಕದ ಕಿಟಕಿಯ ಹತ್ತಿರ ವೈಫೈ ಡಬ್ಬಿ ಸರಿ ಮಾಡುತ್ತಾ ನಿಂತಿದ್ದೆ. ಕೆಳಗೆ ನೂಲಿನ ಸ್ಟೋರಿನ ಬಾಗಿಲು ತೆರೆದಿತ್ತು. ಒಳಗೆ ಸೂಪರ್‌ವೈಸರ್ ತಿಮ್ಮರಾಜು, ನೂಲು ಸುತ್ತುವ ರೋಜಾಳನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಮಗ್ಗಗಳ ಗದ್ದಲದಲ್ಲಿ ಅವಳ ದನಿ ಯಾರಿಗೂ ಕೇಳಿಸುವ ಹಾಗಿರಲಿಲ್ಲ. ನನಗೂ ಕೇಳಿಸಲಿಲ್ಲ. ಆದರೆ ಅವಳ ತುಟಿ ನನಗೆ ಕಂಡಿತು. 'ಬುಡು, ಬುಡು, ಕೈ ಮುಗೀತೀನಿ ಬುಡು' ಅನ್ನುತ್ತಿದ್ದಳು.

ಮಗ್ಗದವರ ಮನೆಯಲ್ಲಿ ಹುಟ್ಟಿದವರಿಗೆ ಇದು ದೊಡ್ಡ ವಿದ್ಯೆಯೇನಲ್ಲ. ಅರವತ್ತು ಮಗ್ಗ ಓಡುವ ಶೆಡ್ಡಿನಲ್ಲಿ ಕೂಗಿದರೂ ಕೇಳುವುದಿಲ್ಲ. ಅಲ್ಲಿ ಎಲ್ಲರೂ ತುಟಿಯಲ್ಲೇ ಮಾತಾಡುತ್ತಾರೆ, ತುಟಿಯನ್ನೇ ಓದುತ್ತಾರೆ. ಈ ಸಾಲಿನಿಂದ ಆ ಸಾಲಿಗೆ ಮದುವೆ ಮಾತುಕತೆ ಕೂಡ ಮುಗಿದುಹೋಗುತ್ತದೆ. ನಮ್ಮವ್ವ ಮನೆಯಲ್ಲೂ ಅರ್ಧ ಮಾತು ಹಾಗೇ ಆಡುತ್ತಿದ್ದಳು. ಊರು ತಮಿಳಿನದಾದರೂ ನಮ್ಮ ಮಗ್ಗದವರ ಮಾತು ಕನ್ನಡವೇ.

ರೋಜಾ ಧೈರ್ಯ ಮಾಡಿ, ಇಂಥದ್ದನ್ನು ವಿಚಾರಿಸುವ ಕಂಪನಿಯ ಕಮಿಟಿಗೆ ದೂರು ಕೊಟ್ಟಳು. ನಾನು ಕಂಡದ್ದನ್ನು ಬರೆದುಕೊಟ್ಟೆ. ಆದರೆ ನನ್ನ ಹೆಸರು ಅವನಿಗೆ ಗೊತ್ತಾಗಬಾರದು ಅಂತ ಕಮಿಟಿಯವರ ಹತ್ತಿರ ಮಾತು ತೆಗೆದುಕೊಂಡಿದ್ದೆ. ತಿಮ್ಮರಾಜು ನಮ್ಮ ಬೀದಿಯವನೇ. ಚಿಕ್ಕಂದಿನಿಂದ ಅವನನ್ನು ಮಾವ ಅಂತ ಕರೆದವಳು ನಾನು. ಅದಾದರೂ ಪರವಾಗಿಲ್ಲ. ವಿಚಾರಣೆ ಮುಗಿಯುವವರೆಗೆ ಅವನನ್ನು ರೋಜಾಳಿಂದ ದೂರ ಇಡಬೇಕು ಅಂತ ನಮ್ಮ ಮ್ಯಾನೇಜ್‌ಮೆಂಟಿನ ಮಹಾಜಾಣರು ಅವನನ್ನು ಕಾರಿಮಂಗಲದ ಯೂನಿಟ್ಟಿಗೆ ಕಳಿಸಿದರು. ಅಲ್ಲಿ ಮಗ್ಗ ಓಡಿಸುತ್ತಿದ್ದವನು ನನ್ನ ಅಣ್ಣ ಮಾದೇಶ. ಹೆಂಡತಿ, ಎರಡು ಮಕ್ಕಳು, ಕಂಪನಿಯದ್ದೇ ಮನೆ. ತಿಮ್ಮರಾಜು ಒಂದು ಮಾತು ಹೇಳಿದರೆ ಕೆಲಸವೂ ಇಲ್ಲ, ಮನೆಯೂ ಇಲ್ಲ. ಕೈ ಮಾಡುವುದರಲ್ಲೂ ಅವನು ಹಿಂದೆ ಬಿದ್ದವನಲ್ಲ. ಹಾಸುನೂಲು ಸುತ್ತಿದ ಭಾರದ ಉರುಳೆ, ಬೀಮ್, ಎತ್ತುವಾಗ ಕೈ ಜಾರಿತು ಅಂತ ಹೇಳಿ ಒಬ್ಬನ ಕಾಲು ಮುರಿದದ್ದು ಹೇಗೆ ಅಂತ ಶೆಡ್ಡಿನವರಿಗೆಲ್ಲ ಗೊತ್ತು. ಬಾಯಿ ಬಿಟ್ಟವರಿಲ್ಲ.

ಈ ರೋಜಾಳ ವಿಷಯ ಕಿವಿಗೆ ಬಿದ್ದಾಗ ಅಣ್ಣ ಫೋನಿನಲ್ಲಿ ನನಗೆ ಬುದ್ಧಿ ಹೇಳಿದ್ದ. ಯಾರದೋ ರಾಮಾಯಣ, ನಮ್ಮ ಪಾಡಿಗೆ ನಾವಿರೋಣ, ನೀನು ತಲೆ ಹಾಕಬೇಡ ಅಂತ. ನಾನು ಆಗಲೇ ಬರೆದುಕೊಟ್ಟು ನಾಲ್ಕು ದಿನವಾಗಿತ್ತು. ಹೂಂ ಅಂದು ಫೋನಿಟ್ಟೆ.

ವಿಚಾರಣೆಗೆ ಅವನು ಕಾರಿಮಂಗಲದಿಂದಲೇ ವಿಡಿಯೋದಲ್ಲಿ ಬರುವವನಿದ್ದ. ಹಾಗಾಗಿ ಆ ಮೀಟಿಂಗ್ ಕೋಣೆಯನ್ನು ನಾನು ಸಜ್ಜು ಮಾಡಿದ್ದು ಕೆಲಸ ಅಂತ ಅಲ್ಲ, ಜೀವಭಯದಿಂದ.

ಕೋಣೆ ಅಂದರೆ ಹತ್ತಡಿ ಹನ್ನೆರಡಡಿ. ಆರು ಜನ ಕೂರುವ ಮೇಜು, ಗೋಡೆಗೆ ಒಂದು ಟಿವಿ, ಒಂದು ಕಡೆ ಪೂರಾ ಗಾಜು, ಕೆಳಗೆ ಟೈಲ್ಸ್. ಮಾತಾಡಿದರೆ ಬಾವಿಯೊಳಗೆ ಮಾತಾಡಿದ ಹಾಗೆ ಮೊಳಗುತ್ತಿತ್ತು. ಸ್ಯಾಂಪಲ್ ರೂಮಿನಿಂದ ದಪ್ಪನೆಯ ಜಮಖಾನ ನಾಲ್ಕು ತಂದು ಗಾಜಿಗೆ ಇಳಿಬಿಟ್ಟೆ, ಇನ್ನೆರಡನ್ನು ನೆಲಕ್ಕೆ ಹಾಸಿದೆ. ಮೊಳಗು ನಿಂತಿತು. ಮೇಜಿನ ಮೇಲೆ ಸ್ಪೀಕರ್‌ಫೋನ್ ಇಟ್ಟೆ, ಅಂಗೈಗಿಂತ ಸ್ವಲ್ಪ ದೊಡ್ಡದು, ಮೈಕೂ ಅದೇ, ಸ್ಪೀಕರೂ ಅದೇ. ನಡುವೆ ಇಟ್ಟಾಗ ರೋಜಾಳ ದನಿ ಹೋಗುತ್ತಿರಲಿಲ್ಲ. ಅವಳದ್ದು ಮೊದಲೇ ಸಣ್ಣ ದನಿ. ಕೆಳಗಿನ ಮಗ್ಗದ ಸದ್ದು ಅಳಿಸಲು ಆ ಯಂತ್ರ ಹೆಣಗುವಾಗ ಅವಳ ಮಾತನ್ನೂ ಸದ್ದು ಅಂತಲೇ ತಿಳಿದು ನುಂಗಿಬಿಡುತ್ತಿತ್ತು. ಅದನ್ನು ಅವಳ ಕಡೆಗೆ, ಒಂದು ಮೊಳ ದೂರಕ್ಕೆ ಎಳೆದೆ. ಫ್ಯಾನ್ ನಿಲ್ಲಿಸಿದೆ. ಲ್ಯಾಪ್‌ಟಾಪಿನ ಸ್ವಂತ ಮೈಕು, ಸ್ಪೀಕರ್ ಎರಡನ್ನೂ ಆಫ್ ಮಾಡಿದೆ. ಇಲ್ಲದಿದ್ದರೆ ಒಂದರ ದನಿ ಇನ್ನೊಂದಕ್ಕೆ ಹೊಕ್ಕು ಕುಯ್ಯೋ ಅನ್ನುತ್ತದೆ.

ಕ್ಯಾಮೆರಾದ ವಿಷಯದಲ್ಲಿ ಇನ್ನೂ ಭಯ. ರೋಜಾಳ ಮುಖ ಅವನಿಗೆ ಕಾಣಬಾರದು, ಅವನ ಮುಖ ರೋಜಾಳಿಗೆ ಕಾಣಬಾರದು. ಇದು ವಕೀಲೆ ರಮಾ ಮೇಡಂ ಹಾಕಿದ ಷರತ್ತು. ಕಮಿಟಿಗೆ ಹೊರಗಿನಿಂದ ಬಂದ ಸದಸ್ಯೆ ಅವರು, ಭಾರಿ ಖಡಕ್ಕು. ನಮ್ಮ ಕ್ಯಾಮೆರಾಕ್ಕೆ ಒಂದು ಚಾಳಿಯಿತ್ತು. ಕೋಣೆಯಲ್ಲಿ ಎಷ್ಟು ಜನರಿದ್ದಾರೆ ಅಂತ ತಾನೇ ಹುಡುಕಿ, ಎಲ್ಲರೂ ಕಾಣುವ ಹಾಗೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಮಾಡುತ್ತಿತ್ತು. ಆ ಚಾಳಿಯನ್ನು ಸೆಟ್ಟಿಂಗಿನಲ್ಲಿ ಬಂದ್ ಮಾಡಿದೆ. ಕರೆಂಟು ಹೋಗಿ ಬಂದರೆ ಮತ್ತೆ ಶುರುವಾಗುತ್ತದೇನೋ ಅಂತ ವೈರು ಕಿತ್ತು ಚುಚ್ಚಿ ಮೂರು ಸಲ ನೋಡಿದೆ. ಆಗಲೂ ನಂಬಿಕೆ ಬರಲಿಲ್ಲ. ಕ್ಯಾಮೆರಾವನ್ನು ಟಿವಿಯ ಕೆಳಗಿಂದ ಬಿಚ್ಚಿ, ಮೇಜಿನ ಈ ತುದಿಯಲ್ಲಿ ಪುಟ್ಟ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ರೋಜಾಳ ಕುರ್ಚಿಯನ್ನು ಅದರ ಹಿಂದೆ, ಗೋಡೆಗೆ ಒತ್ತಿ ಹಾಕಿದೆ. ಟಿವಿ ಅವಳ ಬೆನ್ನ ಹಿಂದೆ, ತಲೆಯ ಮೇಲಕ್ಕೆ ಬಂತು. ಕ್ಯಾಮೆರಾ ಎಷ್ಟು ಹಿಗ್ಗಿದರೂ ತನ್ನ ಬೆನ್ನ ಹಿಂದಿರುವುದನ್ನು ನೋಡುವುದಿಲ್ಲವಲ್ಲ. ನಾನೂ ಅವಳ ಪಕ್ಕದಲ್ಲೇ ಲ್ಯಾಪ್‌ಟಾಪ್ ಹಿಡಿದು ನಿಲ್ಲುವುದು ಅಂತಾಯಿತು. ಎದುರಿನ ತುದಿಯಲ್ಲಿ ಕಮಿಟಿಯವರ ಮೂರು ಕುರ್ಚಿ. ಅವನಿಗೆ ಕಾಣುವುದು ಅಷ್ಟೇ.

ಮೀಟಿಂಗ್ ಬೆಳಗ್ಗೆ ಹನ್ನೊಂದಕ್ಕೆ. ನಡುವೆ ರಮಾ ಮೇಡಂ, ಬಲಕ್ಕೆ ಅಧ್ಯಕ್ಷೆ ಇಂದುಜಾ ಮೇಡಂ, ನಮ್ಮ ಆಫೀಸಿನ ಹಿರಿಯರು. ಎಡಕ್ಕೆ ಕೆಲಸಗಾರರ ಪರವಾಗಿ ಮುನಿಲಕ್ಷ್ಮಮ್ಮ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ಕಿವಿ ಅರ್ಧ ಹೋಗಿರುವ ಹೆಂಗಸು, ಮನಸ್ಸು ಬಂಗಾರ. ರೋಜಾ ನನ್ನ ಪಕ್ಕದಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಕಾರಿಮಂಗಲದಿಂದ ಲಿಂಕ್ ಸೇರಲು ಇಪ್ಪತ್ತು ನಿಮಿಷ ಹಿಡಿಯಿತು. ಮೂರು ಸಲ ಬಂದು ಮೂರು ಸಲ ಕಡಿದುಹೋಯಿತು. ಕೊನೆಗೆ ತಿಮ್ಮರಾಜು ಬಂದ. ಯೂನಿಟ್ ಆಫೀಸಿನ ಮೇಜಿನ ಮೇಲೆ ಫೋನನ್ನು ಒರಗಿಸಿಟ್ಟು ಕೂತಿದ್ದ. ಬಿಳಿ ಅಂಗಿ, ವಿಭೂತಿ. ಹಿಂದಿನ ಬಾಗಿಲಿನಾಚೆ ಶೆಡ್ಡು, ಮಗ್ಗದ ಗದ್ದಲ. ಮಾತಾಡುವಾಗ ಮಾತ್ರ ನಿಮ್ಮ ಮೈಕ್ ಹಾಕಿಕೊಳ್ಳಿ, ಮಿಕ್ಕ ಹೊತ್ತು ಮ್ಯೂಟ್ ಇರಲಿ ಅಂತ ನಾನೇ ಹೇಳಿದೆ. ದನಿ ನಡುಗದ ಹಾಗೆ ಹೇಳಿದೆ. 'ಆಗ್ಲಿ ವಾಣಿ' ಅಂದ, ನಗುನಗುತ್ತಾ. ಎಲ್ಲವೂ ರೆಕಾರ್ಡ್ ಆಗುತ್ತದೆ ಅಂತ ಇಂದುಜಾ ಮೇಡಂ ತಮಿಳಿನಲ್ಲಿ ಹೇಳಿದರು, ಅದಕ್ಕೂ ತಲೆಯಾಡಿಸಿದ.

ರೋಜಾ ಹೇಳಿದಳು. ಮೊದಲು ದನಿ ಹೊರಡಲಿಲ್ಲ, ಆಮೇಲೆ ಒಂದೊಂದೇ ಮಾತು ಬಂತು. ಸ್ಪೀಕರ್‌ಫೋನಿನ ಹಸಿರು ದೀಪ ಉರಿಯುತ್ತಿತ್ತು, ಒಂದಕ್ಷರವೂ ತಪ್ಪಲಿಲ್ಲ. ಆ ಹೊತ್ತಿಗೆ ನನಗೆ ನನ್ನ ಕೆಲಸದ ಮೇಲೆ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ತಿಮ್ಮರಾಜು ಮೈಕ್ ಹಾಕಿಕೊಂಡು ತಣ್ಣಗೆ ಮಾತಾಡಿದ. ಕೆಲಸ ಸರಿಯಿಲ್ಲ ಅಂತ ಬೈದದ್ದಕ್ಕೆ ಈ ಹುಡುಗಿ ಕಥೆ ಕಟ್ಟಿದ್ದಾಳೆ, ನೋಡಿದವರು ಇದ್ದಾರೆ ಅಂತ ಕಾಗದದಲ್ಲಿ ಬರೆದಿದ್ದೀರಿ, ಇದ್ದರೆ ಕರೆಯಿರಿ, ಇಲ್ಲದಿದ್ದರೆ ಇಲ್ಲಿಗೆ ಬಿಟ್ಟುಬಿಡಿ ಅಂದ. ಅಂದವನು ಮೈಕ್ ಆರಿಸಿ ಕೈಕಟ್ಟಿ ಕೂತ.

ಕಮಿಟಿಯವರು ತಮ್ಮೊಳಗೆ ಮಾತಾಡಬೇಕಾಯಿತು. ಇಂಥ ಹೊತ್ತಿನಲ್ಲಿ ಅವನನ್ನು ವೇಟಿಂಗ್ ರೂಮಿಗೆ ತಳ್ಳಿಬಿಡುವ ಬಟನ್ ಒಂದಿದೆ. ಅವನಿಗೆ ನಾವು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ನಾನು ಅದರ ಮೇಲೆ ಬೆರಳಿಟ್ಟೆ. ಬೇಡ ವಾಣಿ, ಮತ್ತೆ ಲಿಂಕ್ ಸೇರದಿದ್ದರೆ ಇವತ್ತಿನ ದಿನವೇ ಹಾಳು, ಮ್ಯೂಟ್ ಮಾಡಿದರೆ ಸಾಕಲ್ಲ ಅಂದರು ಇಂದುಜಾ ಮೇಡಂ. ನಾನೂ ಸಾಕು ಅಂದುಕೊಂಡೆ. ಸ್ಪೀಕರ್‌ಫೋನಿನ ಬಟನ್ ಒತ್ತಿದೆ, ದೀಪ ಕೆಂಪಾಯಿತು. ಲ್ಯಾಪ್‌ಟಾಪಿನಲ್ಲೂ ಮ್ಯೂಟ್ ಮಾಡಿದೆ. ಎರಡು ಬೀಗ ಹಾಕಿದ ಹಾಗಾಯಿತು. ಪೂರ್ತಿ ಮ್ಯೂಟಾ ಅಂತ ರಮಾ ಮೇಡಂ ಎರಡು ಸಲ ಕೇಳಿದರು. ಎರಡು ಸಲವೂ ಹೌದು ಅಂದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ರಮಾ ಮೇಡಂ ಕಾಗದದಿಂದ ತಲೆಯೆತ್ತದೆ, ಬಾಯಿಗೆ ಪೆನ್ನು ಅಡ್ಡ ಹಿಡಿದು ನನ್ನನ್ನೇ ಕೇಳಿದರು. ಹೆಸರು ಹೇಳದ ಸಾಕ್ಷಿಗೆ ತೂಕ ಕಡಿಮೆ, ನಿನ್ನ ಹೆಸರು ಹೇಳಲು ನೀನು ಒಪ್ಪುತ್ತೀಯಾ, ಬಲವಂತವಿಲ್ಲ ಅಂತ. ನಾನು ತಲೆ ಅಲ್ಲಾಡಿಸಿದೆ. ಆಗಲ್ಲ ಮೇಡಂ, ಅಣ್ಣ ಅಲ್ಲಿದ್ದಾನೆ ಅಂದೆ.

ರಮಾ ಮೇಡಂ ತಮಿಳಿನಲ್ಲಿ ಪಿಸುಗುಟ್ಟಿದ್ದು ಮುನಿಲಕ್ಷ್ಮಮ್ಮನಿಗೆ ಸರಿಯಾಗಿ ಕೇಳಿಸಲಿಲ್ಲ. ಶೆಡ್ಡಿನಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ಏನಾದರೂ ಹೇಳಿದರೆ, ಕೇಳಿದವರು ಅದನ್ನೇ ತುಟಿಯಲ್ಲಿ ತಿರುಗಿ ಹೇಳಬೇಕು, ಸರಿಯಾಗಿ ತಿಳಿಯಿತಾ ಅಂತ ಖಾತ್ರಿ ಮಾಡಿಕೊಳ್ಳಲು. ನೂಲಿನ ನಂಬರ್ ತಪ್ಪಿದರೆ ಇಡೀ ಬೀಮು ಹಾಳಲ್ಲವೇ. ಮೂವತ್ತು ವರ್ಷದ ರೂಢಿ. ಆಕೆ ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ನೆಟ್ಟಗೆ ನೋಡುತ್ತಾ, ದನಿಯೇ ಇಲ್ಲದೆ, ಒಂದೊಂದು ಅಕ್ಷರವನ್ನೂ ತುಟಿ ಅಗಲಿಸಿ ಹೇಳಿದರು.

'ವಾಣಿ. ನೋಡಿದ್ದು ನೀನು. ನಿನ್ ಯೆಸ್ರು ಯೋಳ್ಬೌದಾ ಅಂತ ಕೇಳ್ತಾವ್ರೆ. ಅಲ್ವಾ?'

ಅದನ್ನು ನಾನು ಓದಿದ್ದು ಆಕೆಯ ಮುಖದಲ್ಲಲ್ಲ, ಲ್ಯಾಪ್‌ಟಾಪಿನಲ್ಲಿ. ನಮ್ಮ ಕೋಣೆ ಅವನಿಗೆ ಹೇಗೆ ಕಾಣುತ್ತದೋ ಆ ಚಿತ್ರ ಮೂಲೆಯಲ್ಲಿ ಪುಟ್ಟದಾಗಿ ಬರುತ್ತಿತ್ತು. ಅಷ್ಟು ಪುಟ್ಟದರಲ್ಲೂ ಪ್ರತಿ ಮಾತೂ ಸ್ಪಷ್ಟವಾಗಿತ್ತು. ಬೆಳಕು ಮುಖಕ್ಕೆ ಬೀಳಲಿ ಅಂತ ಟ್ಯೂಬ್‌ಲೈಟನ್ನು ಬೇರೆ ನಾನೇ ಸರಿಸಿದ್ದೆ.

ಕ್ಯಾಮೆರಾಕ್ಕೆ ಅಡ್ಡ ಕೈ ಹಿಡಿಯೋಣ ಅಂದರೆ ಕೈ ಏಳಲಿಲ್ಲ. ದೊಡ್ಡ ಚೌಕದಲ್ಲಿದ್ದ ತಿಮ್ಮರಾಜುವನ್ನು ನೋಡಿದೆ. ಕಟ್ಟಿದ ಕೈ ಬಿಚ್ಚಿತ್ತು. ಮುಂದಕ್ಕೆ ಬಾಗಿ, ಫೋನನ್ನು ಹತ್ತಿರಕ್ಕೆ ಎಳೆದುಕೊಂಡಿದ್ದ. ಅವನೂ ಇಪ್ಪತ್ತೈದು ವರ್ಷ ಮಗ್ಗದ ನಡುವೆ ದುಡಿದವನೇ. ಅವನಿಗೆ ಮೈಕು ಯಾತಕ್ಕೆ ಬೇಕು?

ಅವನ ಮುಖದಲ್ಲಿ ನಗು ಹಾಗೇ ಇತ್ತು. ಮೈಕ್ ಹಾಕಲಿಲ್ಲ. ತುಟಿ ಮಾತ್ರ ಆಡಿತು, ನಿಧಾನವಾಗಿ, ನನಗೆ ತಿಳಿಯಲಿ ಅಂತಲೇ.

'ವಾಣೀ. ನಿಮ್ಮಣ್ಣ ಇಲ್ಲೇ ಅವ್ನೆ. ಕರೀಲಾ?'

ಟಿವಿಯಲ್ಲಿ ಮುನಿಲಕ್ಷ್ಮಮ್ಮನಿಗೂ ಅದು ಕಂಡಿತು. ಆಕೆಯ ಕೈ ಬಾಯಿಗೆ ಹೋಯಿತು. ಕಣ್ಣು ತುಂಬಿ ನನ್ನನ್ನು ನೋಡಿದರು. ಇಂದುಜಾ ಮೇಡಂ, ರಮಾ ಮೇಡಂ ಇಬ್ಬರೂ ಕಾಗದದ ಮೇಲೆ ಬಾಗಿ ಯಾವುದೋ ಸೆಕ್ಷನ್ ಮಾತಾಡುತ್ತಿದ್ದರು. ಅವರಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ, ಟಿವಿಯಿಂದ ಒಂದು ಸದ್ದೂ ಬಂದಿರಲಿಲ್ಲ. ರೋಜಾಳ ಬೆನ್ನು ಟಿವಿಗೆ. ಇಷ್ಟು ಜನರ ನಡುವೆ ನಾನು ಒಬ್ಬಳೇ ಅನ್ನಿಸಿತು.

ತಿಮ್ಮರಾಜು ಎದ್ದು ಹಿಂದಿನ ಬಾಗಿಲು ತೆಗೆದು ಕೈ ಬೀಸಿದ. ಯಾರೋ ಬರುತ್ತಿದ್ದರು. ನಾನು ಹಾಳು ದೇವರನ್ನೆಲ್ಲ ಬೇಡಿಕೊಂಡೆ, ಬೇರೆ ಯಾರಾದರೂ ಆಗಿರಲಿ ಅಂತ. ಮಾದೇಶನೇ ಬಂದ. ತಲೆಯ ಮೇಲೆ ಹತ್ತಿಯ ಧೂಳು, ಹೆಗಲ ಮೇಲೆ ಟವಲು, ಏನು ಎತ್ತ ತಿಳಿಯದ ಮುಖ. ತಿಮ್ಮರಾಜು ಅವನ ಹೆಗಲ ಮೇಲೆ ಕೈ ಹಾಕಿ, ಕತ್ತಿನ ಹತ್ತಿರ ಹಿಡಿದು, ಫೋನಿನ ಮುಂದೆ ತಂದು ನಿಲ್ಲಿಸಿದ.

ಈಗ ಸುಮ್ಮನಿದ್ದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದೆ. ಹೆದರಿಕೆಯಲ್ಲೂ ತಲೆ ಅದನ್ನೊಂದು ಮಾಡುತ್ತದೆ. ರಮಾ ಮೇಡಂ ಹೆಸರು ಹೇಳುವುದಿಲ್ಲ ಅನ್ನುತ್ತಾರೆ, ಸಾಕ್ಷಿ ತೂಕವಿಲ್ಲದ್ದಾಗುತ್ತದೆ, ತಿಮ್ಮರಾಜು ಗೆಲ್ಲುತ್ತಾನೆ. ಆಗ ಅಣ್ಣನನ್ನು ಬಿಡುತ್ತಾನಾ? ಬಿಟ್ಟರೂ ಬಿಡಬಹುದು. ಹೇಳಿದರೆ ಮಾತ್ರ ಖಂಡಿತ ಬಿಡುವುದಿಲ್ಲ. ಅರವತ್ತು ಮಗ್ಗದ ಸದ್ದಿನಲ್ಲಿ, ಬೀಮಿನ ಕೆಳಗೆ, ಯಾರು ಕೂಗಿದರೂ ಕೇಳುವುದಿಲ್ಲ. ಇದು ನನ್ನೊಬ್ಬಳ ತಲೆಯಾಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆನೇನೋ. ಅಣ್ಣನ ಎರಡು ಮಕ್ಕಳ ಹೆಸರು ಬಾಯಿಗೆ ಬಂದು ಬಂದು ಹೋಗುತ್ತಿತ್ತು.

ಅವನನ್ನು ಕೇಳದೆ ನಾನು ತೀರ್ಮಾನ ಮಾಡುವಂತಿರಲಿಲ್ಲ. ಫೋನ್ ಮಾಡಿದರೆ ತಿಮ್ಮರಾಜು ಪಕ್ಕದಲ್ಲೇ ಇದ್ದಾನೆ. ಆ ಕಡೆ ಶೆಡ್ಡಿನ ಬಾಗಿಲು ತೆರೆದೇ ಇತ್ತು. ಮಗ್ಗದ ಸದ್ದು ಒಳಗೆ ನುಗ್ಗುತ್ತಿತ್ತೇನೋ, ತಿಮ್ಮರಾಜು ಮುಖ ಸಿಂಡರಿಸಿ ಅದನ್ನು ಮುಚ್ಚಲು ಹಿಂದಕ್ಕೆ ತಿರುಗಿದ. ನಾನು ಷರತ್ತನ್ನೂ ಮರೆತು ಲ್ಯಾಪ್‌ಟಾಪನ್ನು ರೋಜಾಳ ಮಡಿಲಿಗೆ ಹಾಕಿ, ಮೇಜು ಸುತ್ತಿ ಓಡಿದೆ. ಮುನಿಲಕ್ಷ್ಮಮ್ಮನ ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿ ಕೂತು ಕ್ಯಾಮೆರಾದೊಳಗೆ ಮುಖ ಇಟ್ಟೆ. ಮೂರು ದಿನ ಯಾವ ಚಿತ್ರದೊಳಗೆ ಬೀಳಬಾರದು ಅಂತ ಒದ್ದಾಡಿದ್ದೆನೋ ಅದರ ನಟ್ಟನಡುವೆ ಹೋಗಿ ಕೂತೆ. ಏನಾಯಿತು ಅಂತ ಇಂದುಜಾ ಮೇಡಂ ಗಾಬರಿಯಾದರು. ನಾನು ಅವರ ಕಡೆ ನೋಡಲಿಲ್ಲ. ಟಿವಿಯಲ್ಲಿ ಅಣ್ಣ ನನ್ನನ್ನು ನೋಡಿದ.

ದನಿ ಬಿಡದೆ, ತುಟಿಯಲ್ಲೇ ಹೇಳಿದೆ. 'ಅಣ್ಣಾ, ರೋಜಾನ್ನ ಅವ್ನು ಹಿಡ್ಕಂಡಿದ್ದ ನೋಡ್ದವಳು ನಾನೇ. ಅವ್ನಿಗೆ ಗೊತ್ತಾಗೋಯ್ತು. ನಾ ಬಾಯ್ಬಿಟ್ರೆ ನಿನ್ನ ಬುಡಾಕಿಲ್ಲ. ಏನ್ ಮಾಡ್ಲಿ?'

ಅಣ್ಣನ ಮುಖದ ಬಣ್ಣ ಇಳಿದುಹೋಯಿತು. ಒಂದು ಕ್ಷಣ ಅವನಿಗೂ ಹೆದರಿಕೆಯಾದದ್ದು ನನಗೆ ಕಂಡಿತು. ಬೈಯುತ್ತಾನೆ ಅಂದುಕೊಂಡೆ. ತಲೆ ಹಾಕಬೇಡ ಅಂದಿದ್ದೆನಲ್ಲ ಅನ್ನುತ್ತಾನೆ ಅಂದುಕೊಂಡೆ. ಅನ್ನಲಿ, ಬೈದು ಬೇಡ ಅನ್ನಲಿ, ಹೇಳದೇ ಇರುವುದಕ್ಕೆ ನನಗೂ ಒಂದು ನೆಪ ಸಿಗಲಿ ಅಂತ ಒಳಗೊಳಗೇ ಆಸೆ ಪಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಪಟ್ಟದ್ದು ನಿಜ.

ತಿಮ್ಮರಾಜು ಚಿಲಕ ಹಾಕುತ್ತಿದ್ದ. ಬೆನ್ನು ಈ ಕಡೆಗಿತ್ತು. ಅಣ್ಣ ಫೋನಿಗೆ ಹತ್ತಿರ ಬಾಗಿದ. ಅವನ ತುಟಿ ಒಣಗಿತ್ತು, ನಾಲಿಗೆಯಿಂದ ಒಂದು ಸಲ ಸವರಿಕೊಂಡ.

'ಮೊನ್ನೆ ಇಲ್ಲೂ ಒಬ್ಬಳ್ನ ಕೈ ಹಿಡ್ದ,' ಅಂದ. 'ನಾ ಪಕ್ಕದ್ ಮಗ್ಗದಾಗಿದ್ದೆ. ನೋಡ್ದೇ ಇರೋನಂಗೆ ತಲೆ ಬಗ್ಸಿಬುಟ್ಟೆ ಕಣಮ್ಮಿ. ನೀ ಯೋಳು.'

ತಿಮ್ಮರಾಜು ತಿರುಗಿದ. ಏನು ನಡೆಯಿತು ಅಂತ ಪೂರ್ತಿ ತಿಳಿಯಲಿಲ್ಲವೇನೋ, ನಾನು ಕ್ಯಾಮೆರಾದೊಳಗೆ ಕೂತಿರುವುದನ್ನು ಕಂಡು ಅವನ ನಗು ಆರಿತು. ಅವನ ಕೈ ಮತ್ತೆ ಅಣ್ಣನ ಕತ್ತಿಗೆ ಹೋಯಿತು. ಅಣ್ಣ ಅಲ್ಲಾಡಲಿಲ್ಲ, ನನ್ನನ್ನೇ ನೋಡುತ್ತಾ ನಿಂತ.

ನಾನು ಎದ್ದು ಮೇಜಿನ ಮೇಲೆ ಬಾಗಿ ಕೈ ಚಾಚಿ ಸ್ಪೀಕರ್‌ಫೋನನ್ನು ನನ್ನ ಕಡೆಗೆ ಎಳೆದುಕೊಂಡೆ. ಲ್ಯಾಪ್‌ಟಾಪಿನ ಮ್ಯೂಟ್ ತೆಗೆಯಲು ರೋಜಾಳಿಗೆ ಹೇಳಿದೆ. ಯಾವುದನ್ನು ಒತ್ತಬೇಕು ಅಂತ ಕೇಳಿದಳು. ಕೆಳಗಡೆ ಎಡಕ್ಕೆ, ಮೈಕಿನ ಗುರುತು ಅಂದೆ, ಒತ್ತಿದಳು. ಇಲ್ಲಿನ ಬಟನ್ ನನಗೆ ಮೊದಲ ಸಲ ತಪ್ಪಿತು. ಎರಡನೇ ಸಲಕ್ಕೆ ಕೆಂಪು ಹೋಗಿ ಹಸಿರಾಯಿತು. ಮುನಿಲಕ್ಷ್ಮಮ್ಮ ಬಾಯಿಂದ ಕೈ ತೆಗೆದು ನನ್ನ ಭುಜ ಹಿಡಿದುಕೊಂಡರು.

ಮೇಡಂ, ಇದೂ ರೆಕಾರ್ಡ್ ಆಗಲಿ ಅಂದೆ. ಅವನ ಕೈ ಎಲ್ಲಿದೆ ಅಂತ ಟಿವಿಯಲ್ಲಿ ನೋಡಿಕೊಳ್ಳಿ, ಆ ನಿಂತಿರುವವನು ನನ್ನ ಅಣ್ಣ, ಅವನು ಯೂನಿಟ್ಟಿನ ಗೇಟು ದಾಟಿ ನನಗೆ ಫೋನ್ ಮಾಡುವವರೆಗೆ ಈ ಲಿಂಕನ್ನು ಕಡಿಯಬೇಡಿ ಅಂದೆ. ರಮಾ ಮೇಡಂ ಪೆನ್ನು ಕೆಳಗಿಟ್ಟು ತಲೆಯೆತ್ತಿ ಟಿವಿ ನೋಡಿದರು. ನನ್ನ ದನಿ ನನಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು. ಸ್ಪೀಕರ್‌ಫೋನ್ ನುಂಗಿಬಿಟ್ಟೀತು ಅಂತ ಇನ್ನೂ ಹತ್ತಿರಕ್ಕೆ ಬಾಗಿ ಹೇಳಿದೆ.

'ನಾನು ವಾಣಿ. ಹೋದ ತಿಂಗ್ಳು ಹದಿಮೂರು, ಮಧ್ಯಾನ, ನೂಲಿನ ಸ್ಟೋರಿನಾಗೆ ತಿಮ್ಮರಾಜು ಮಾವ ಮಾಡಿದ್ದ ನಾ ನೋಡ್ದೆ.'